ಇರುಳುಗಣ್ಣಿನ ಜೋಕ್, ಮರೆಗುಳಿ ಅಪ್ಪ: ಸಿನಿಮಾ ಅಂಗವೈಕಲ್ಯವನ್ನು ಸರಿಯಾಗಿ ತೋರಿಸಿದೆಯೇ ಎಂದು ತಿಳಿಯುವುದು ಹೇಗೆ?

ಸಂಜೆ ಆರು ಗಂಟೆಯಾದ ಕೂಡಲೇ ಕಣ್ಣು ಕಾಣದೆ ಗೋಡೆಗೆ ಡಿಕ್ಕಿ ಹೊಡೆಯುವ ಮನುಷ್ಯನ ಕಾಮಿಡಿ ಕ್ಲಿಪ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಈ ಬಗೆಯ ಹಾಸ್ಯದಲ್ಲಿ ಬಹಳ ಹೆಸರಾದದ್ದು 1991ರ ತಮಿಳು ಚಿತ್ರ ‘ಚಿನ್ನ ತಂಬಿ’ಯಲ್ಲಿ ಗೌಂಡಮಣಿ ಮಾಡಿದ ಪಾತ್ರ. ಕನ್ನಡದ ‘ರಾಮಾಚಾರಿ’ಗೆ ಮೂಲವಾದ ಚಿತ್ರ ಅದು. 2023ರಲ್ಲಿ ಬಂದ ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರದ ನಾಯಕಿಗೂ ಇರುಳುಗಣ್ಣು. ಆದರೆ ಈ ಸಲ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಕೋರ್ಟ್ ಹೇಳಿದ್ದೇನು?

‘ಆಂಖ್ ಮಿಚೋಲಿ’ಯಲ್ಲಿ ಅಲ್ಝೈಮರ್ಸ್ ಇರುವ ತಂದೆಯನ್ನು ಮರೆಗುಳಿ ಅಪ್ಪ ಎಂದು, ಕಿವಿ ಕೇಳದವರನ್ನು ಸೌಂಡ್‌ಪ್ರೂಫ್ ಎಂದು, ಮಾತು ತೊದಲುವವರನ್ನು ಸಿಕ್ಕಿಹಾಕಿಕೊಂಡ ಕ್ಯಾಸೆಟ್ ಎಂದು ಕರೆಯಲಾಗಿದೆ ಎಂಬುದು ಅಂಗವೈಕಲ್ಯ ಹಕ್ಕುಗಳ ಕಾರ್ಯಕರ್ತ ನಿಪುಣ್ ಮಲ್ಹೋತ್ರಾ ಅವರ ದೂರು. 2024ರ ಜುಲೈ 8ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪರ್ದಿವಾಲಾ ಅವರ ಪೀಠ ತೀರ್ಪು ಕೊಟ್ಟಿತು. ಸೆನ್ಸಾರ್ ಪ್ರಮಾಣಪತ್ರ ಸಿಕ್ಕಿದ್ದ ಆ ಚಿತ್ರದಲ್ಲಿ ಯಾವ ದೃಶ್ಯವನ್ನೂ ಕತ್ತರಿಸಲು ಕೋರ್ಟ್ ಹೇಳಲಿಲ್ಲ. ಬದಲಿಗೆ, ವಿಕಲಚೇತನರನ್ನು ತೆರೆಯ ಮೇಲೆ ತೋರಿಸುವಾಗ ಏನನ್ನು ಗಮನಿಸಬೇಕು ಎಂಬ ಮಾರ್ಗಸೂಚಿ ಕೊಟ್ಟಿತು.

ಅಂಗವೈಕಲ್ಯದ ಬಗ್ಗೆ ನಗಲೇಬಾರದು ಎಂದು ಕೋರ್ಟ್ ಹೇಳಿಲ್ಲ. ಅದು ಹಾಸ್ಯವನ್ನು ಎರಡು ಬಗೆಯಾಗಿ ನೋಡಿತು. ಒಂದು, ಆ ಸ್ಥಿತಿಯನ್ನು ಅರ್ಥಮಾಡಿಸುವ ಹಾಸ್ಯ. ಇನ್ನೊಂದು, ಆ ಸ್ಥಿತಿ ಇರುವವರನ್ನು ಕೀಳಾಗಿಸುವ ಹಾಸ್ಯ. ಹಾಗಾದರೆ ನಮ್ಮ ಮುಂದಿರುವ ಕ್ಲಿಪ್ ಯಾವ ಬಗೆಯದು? ಇದನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ತೆರೆಯ ಮೇಲೆ ತೋರಿಸಿದ್ದು ನಿಜವೇ ಎಂದು ಮೊದಲು ನೋಡಬೇಕು.

ಇರುಳುಗಣ್ಣು ನಿಜಕ್ಕೂ ಹೇಗಿರುತ್ತದೆ?

ನಮ್ಮ ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ ಎರಡು ಬಗೆಯ ಕೋಶಗಳಿವೆ. ಕೋನ್ ಕೋಶಗಳು ಒಳ್ಳೆಯ ಬೆಳಕಿನಲ್ಲಿ ಬಣ್ಣವನ್ನೂ ವಿವರವನ್ನೂ ತೋರಿಸುತ್ತವೆ. ರಾಡ್ ಕೋಶಗಳು ಮಬ್ಬು ಬೆಳಕಿನಲ್ಲಿ ಕೆಲಸ ಮಾಡುತ್ತವೆ. ರಾಡ್ ಕೋಶಗಳು ಸರಿಯಾಗಿ ಕೆಲಸ ಮಾಡದಿದ್ದಾಗ ಉಂಟಾಗುವುದೇ ಇರುಳುಗಣ್ಣು.

ಅಂದರೆ ಇದಕ್ಕೂ ಗಡಿಯಾರಕ್ಕೂ ಸಂಬಂಧವಿಲ್ಲ, ಬೆಳಕಿಗೆ ಸಂಬಂಧವಿದೆ. ರಾತ್ರಿ ಹತ್ತು ಗಂಟೆಯಾದರೂ ಪ್ರಕಾಶಮಾನ ದೀಪವಿರುವ ಕೋಣೆಯಲ್ಲಿ ಇಂಥವರಲ್ಲಿ ಹೆಚ್ಚಿನವರು ಆರಾಮಾಗಿ ಓಡಾಡಬಲ್ಲರು. ಅದೇ ಮಧ್ಯಾಹ್ನದ ಬಿಸಿಲಿನಿಂದ ಕತ್ತಲೆಯ ಚಿತ್ರಮಂದಿರಕ್ಕೆ ಹೋದರೆ ತಡವರಿಸಬಹುದು. ಆರು ಗಂಟೆಗೆ ಸ್ವಿಚ್ ಆಫ್ ಮಾಡಿದಂತೆ ದೃಷ್ಟಿ ಹೋಗುವುದು ಸಿನಿಮಾದಲ್ಲಿ ಮಾತ್ರ.

ಈ ತಪ್ಪಿನಿಂದ ನಷ್ಟವೇನು? ಇರುಳುಗಣ್ಣು ಹಲವು ಸಲ ಬೇರೊಂದು ಸಮಸ್ಯೆಯ ಲಕ್ಷಣ. ಕಾರಣ ವಿಟಮಿನ್ ಎ ಕೊರತೆಯಾಗಿದ್ದರೆ ಬೇಗ ಚಿಕಿತ್ಸೆ ಕೊಟ್ಟಾಗ ಗುಣವಾಗುತ್ತದೆ, ಬಿಟ್ಟರೆ ಕಣ್ಣಿಗೇ ಅಪಾಯ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆಯಲ್ಲಿ ಮೊದಲು ಮಬ್ಬು ಬೆಳಕಿನ ನೋಟ ಕುಂದುತ್ತದೆ, ಆಮೇಲೆ ವರ್ಷಗಳು ಕಳೆದಂತೆ ಅಕ್ಕಪಕ್ಕದ ನೋಟ ಕಿರಿದಾಗುತ್ತಾ ಹೋಗುತ್ತದೆ. ಮುಸ್ಸಂಜೆಯಲ್ಲಿ ಪದೇ ಪದೇ ಎಡವುವ ಮಗುವನ್ನು ಕಣ್ಣಿನ ವೈದ್ಯರ ಬಳಿ ಕರೆದೊಯ್ಯಬೇಕು. ಇರುಳುಗಣ್ಣು ಎಂದರೆ ತಮಾಷೆ, ಅದರಲ್ಲೂ ಮದುವೆಗೆ ಮುನ್ನ ಮುಚ್ಚಿಡಬೇಕಾದ ಸಂಗತಿ ಎಂದೇ ನೋಡಿ ಬೆಳೆದ ಮನೆಯವರು ಪರೀಕ್ಷೆ ಮಾಡಿಸುವ ಬದಲು ಬಚ್ಚಿಡುತ್ತಾರೆ. ಇರುಳುಗಣ್ಣನ್ನು ತಪ್ಪಾಗಿ ತೋರಿಸಿದರೆ ಅದರ ಬಗ್ಗೆ ತಪ್ಪು ಮಾಹಿತಿ ಹರಡುತ್ತದೆ ಎಂದು ಕೋರ್ಟ್ ಕೂಡ ಈ ಕಾಯಿಲೆಯನ್ನೇ ಹೆಸರಿಸಿ ಹೇಳಿದೆ.

ಕಣ್ಣೀರು ತರಿಸಿದರೆ ಗೌರವ ಕೊಟ್ಟಂತೆಯೇ?

ನಗಿಸುವುದು ತಪ್ಪು, ಅಳಿಸುವುದು ಸರಿ ಎಂದು ಅನೇಕರು ತಿಳಿದಿದ್ದಾರೆ. ಆದರೆ ಅನುಕಂಪದಲ್ಲೂ ಅದೇ ದೋಷ ಇರಬಹುದು. ನಾಯಕನ ಒಳ್ಳೆಯತನ ತೋರಿಸಲೆಂದೇ ಒಬ್ಬ ಕುರುಡು ತಂಗಿ ಇರುತ್ತಾಳೆ. ಅವಳ ಪಾಲಿಗೆ ಬರುವುದು ಒಂದು ಹಾಡು ಮತ್ತು ಒಂದು ಆಪರೇಷನ್, ಕೆಲವೊಮ್ಮೆ ತಲೆಗೆ ಪೆಟ್ಟು ಬಿದ್ದು ಮರಳುವ ದೃಷ್ಟಿ. ತಲೆಗೆ ಬಿದ್ದ ಪೆಟ್ಟು ದೃಷ್ಟಿಯನ್ನು ಕಳೆಯಬಹುದೇ ಹೊರತು, ಕೆಟ್ಟ ರೆಟಿನಾವನ್ನೋ ದೃಷ್ಟಿನರವನ್ನೋ ಸರಿಮಾಡುವುದಿಲ್ಲ. ಗುಣವಾದ ಮೇಲಷ್ಟೇ ಬದುಕಿಗೆ ಅರ್ಥ ಎಂಬ ಸಂದೇಶವೂ ಅಂಥ ಕಥೆಯಲ್ಲಿ ಅಡಗಿರುತ್ತದೆ.

ಇದರ ತಿರುವುಮುರುವು, ಕಣ್ಣು ಕಾಣದವನಿಗೆ ಅತಿಮಾನುಷ ಶಕ್ತಿ ಕೊಡುವುದು. ಹೊಗಳಿಕೆಯಂತೆ ಕಂಡರೂ, ಸಾಮಾನ್ಯವಾಗಿ ಕೆಲಸಕ್ಕೆ ಹೋಗಿ ಬರುವ ವಿಕಲಚೇತನರು ಸಾಲದವರು ಎಂಬಂತೆ ಅದು ತೋರಿಸುತ್ತದೆ. ಲೇವಡಿಯೂ ಬೇಡ, ಅತಿಮಾನುಷ ಚಿತ್ರಣವೂ ಬೇಡ ಎಂಬುದು ಕೋರ್ಟಿನ ಮಾರ್ಗಸೂಚಿಯಲ್ಲೇ ಇದೆ.

ಕನ್ನಡದಲ್ಲೇ ಇರುವ ಒಂದು ಉದಾಹರಣೆ

ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲೂ ಒಬ್ಬ ಮರೆಯುವ ತಂದೆ ಇದ್ದಾರೆ. ಅನಂತ್ ನಾಗ್ ಮಾಡಿರುವ ವೆಂಕೋಬ ರಾವ್ ಪಾತ್ರಕ್ಕೆ ಅಲ್ಝೈಮರ್ಸ್. ಮಗನ ಜೊತೆ ಹೊರಗೆ ಬಂದಾಗ ಅವರು ತಪ್ಪಿಸಿಕೊಳ್ಳುತ್ತಾರೆ, ಮಗ ಹುಡುಕುತ್ತಾ ಹೊರಡುತ್ತಾನೆ. ಕಾಣೆಯಾದವರ ಪ್ರಕಟಣೆಯ ಸಾಲೇ ಚಿತ್ರದ ಹೆಸರಾಗಿದೆ.

ಮೊದಲು ವೈದ್ಯಕೀಯ ವಿವರ ನೋಡೋಣ. ಅಲ್ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಸುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ. ವೆಂಕೋಬ ರಾವ್ ತಾವಿರುವ ಜಾಗ ತಿಳಿಯದೆ ತಡಕಾಡುತ್ತಾರೆ, ಆದರೆ ಹೆಂಡತಿಯನ್ನು ಪ್ರೀತಿಸಿದ ದಿನಗಳನ್ನು ಹೇಳಬಲ್ಲರು. ದಾರಿ ತಪ್ಪುವುದು ಕೂಡ ಈ ಕಾಯಿಲೆಯಲ್ಲಿ ನಿಜಕ್ಕೂ ಇರುವ ಅಪಾಯ. ಇನ್ನು ಹಾಸ್ಯ. ರೌಡಿಗಳ ನಡುವೆ ಸಿಕ್ಕಿದ ಅವರ ಮಾತಿಗೆ ನಾವು ನಗುತ್ತೇವೆ, ಆದರೆ ಮರೆತದ್ದಕ್ಕಾಗಿ ಅವರು ಪೆದ್ದರಂತೆ ಕಾಣುವುದಿಲ್ಲ. ಕೊನೆಗೆ, ಅವರಿಗೆ ಪ್ರೀತಿ, ಇಷ್ಟಾನಿಷ್ಟ, ಒಂದು ಗತಕಾಲ ಎಲ್ಲ ಇದೆ. ಕಾಯಿಲೆಯನ್ನು ತೆಗೆದಿಟ್ಟರೂ ಒಬ್ಬ ಮನುಷ್ಯ ಉಳಿಯುತ್ತಾನೆ.

ಈ ಚಿತ್ರದ ಬಗ್ಗೆಯೂ ಒಂದು ಪ್ರಶ್ನೆ ಕೇಳಬಹುದು. ತಂದೆಯ ಕಾಯಿಲೆ ಮಗನ ಪಶ್ಚಾತ್ತಾಪಕ್ಕೆ ದಾರಿಯಾಗುತ್ತದೆ, ಕಥೆಯ ಬಹುಪಾಲು ಮಗನ ಕಣ್ಣಿನಲ್ಲೇ ಸಾಗುತ್ತದೆ. ಒಳ್ಳೆಯ ಚಿತ್ರಣ ಎಂದರೆ ಕುಂದೇ ಇಲ್ಲದ್ದು ಎಂದಲ್ಲ.

ಕಾಟಾಚಾರಕ್ಕೆ ಇಟ್ಟ ಪಾತ್ರವನ್ನು ಗುರುತಿಸುವುದು

ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಗೆಳೆಯ ಎರಡು ದೃಶ್ಯದಲ್ಲಿ ಬಂದು ನಾಯಕನಿಗೆ ಸ್ಫೂರ್ತಿಯ ಮಾತು ಹೇಳಿ ಹೋಗುತ್ತಾನೆ ಎಂದುಕೊಳ್ಳಿ. ಇಲ್ಲಿ ಅವಮಾನ ಇಲ್ಲ, ಕಣ್ಣೀರೂ ಇಲ್ಲ. ಆದರೆ ಆ ಪಾತ್ರ ತಾನಾಗಿ ಏನನ್ನಾದರೂ ನಿರ್ಧರಿಸಿತೇ? ಆ ನಿರ್ಧಾರದಿಂದ ಕಥೆ ತಿರುಗಿತೇ? ಎರಡಕ್ಕೂ ಉತ್ತರ ಇಲ್ಲ ಎಂದಾದರೆ ಅದು ಕಾಟಾಚಾರ. ವಿಕಲಚೇತನ ಕಲಾವಿದರೇ ನಟಿಸಿದ್ದರೆ ಒಳ್ಳೆಯದು, ಅಂಥವರಿಗೆ ಅವಕಾಶ ಸಿಗುವುದೇ ಅಪರೂಪ. ಆದರೂ ಅದೊಂದರಿಂದಲೇ ಬರಹದ ಕೊರತೆ ತುಂಬುವುದಿಲ್ಲ. ಕಥೆ ಬರೆಯುವಾಗಲೇ ಅವರನ್ನು ಕೇಳಿದ್ದಾರೆಯೇ ಎಂಬುದು ಹೆಚ್ಚು ಮುಖ್ಯ.

ಹಾಗಾಗಿ ಇಂಥ ಕ್ಲಿಪ್ ಬಂದಾಗ ಮೂರು ವಿಷಯ ನೋಡಿ. ತೋರಿಸಿದ ಸ್ಥಿತಿ ನಿಜಕ್ಕೂ ಹಾಗೆಯೇ ಇರುತ್ತದೆಯೇ? ನಗುವೋ ಅಳುವೋ ಹುಟ್ಟುವುದು ವ್ಯಕ್ತಿಯ ಗುಣದಿಂದಲೋ, ಬರೀ ದೇಹದ ಕೊರತೆಯಿಂದಲೋ? ಅವರಿಗೆ ತಮ್ಮದೇ ಆದ ಇಚ್ಛೆ ಇದೆಯೇ? ಒಂದೇ ನಿಮಿಷದ ಕ್ಲಿಪ್ ನೋಡಿ ಇಡೀ ಚಿತ್ರದ ಬಗ್ಗೆ ತೀರ್ಪು ಕೊಡಲು ಆಗದು, ಹಿಂದುಮುಂದಿನ ದೃಶ್ಯ ಅರ್ಥವನ್ನೇ ಬದಲಿಸಬಹುದು. ಆದರೆ ಗ್ರೂಪಿಗೆ ಹೋಗುವುದು ಆ ಒಂದು ನಿಮಿಷ ಮಾತ್ರ, ಮತ್ತು ಅದೇ ಗ್ರೂಪಿನಲ್ಲಿ ಸಂಜೆಯಾದರೆ ದಾರಿ ಕಾಣದ ಯಾರೋ ಒಬ್ಬರು ಇರಬಹುದು.