ರೀಪ್ಲೇಸ್ ಮೇಲೆ ರೀಪ್ಲೇಸ್: ಸೀನನ ಗದ್ದೆ ರಂಗ ಮಾರಿದ ಕಥೆ

"ಹತ್ತು ಪದ ಬದಲಾಯಿಸಬೇಕಾ? ಹತ್ತು ಸಲ ಫೈಂಡ್-ರೀಪ್ಲೇಸ್ ಒತ್ತು, ಮುಗೀತು." ಈ ಬುದ್ಧಿವಾದವನ್ನು ನಮ್ಮ ಬ್ಲಾಗಿಗ ಮಿತ್ರರಲ್ಲಿ ಕನಿಷ್ಠ ಮೂವರು ನನಗೆ ಕೊಟ್ಟಿದ್ದಾರೆ. ಮೂವರ ಮೇಲೂ ನನಗೆ ಪ್ರೀತಿ ಇದೆ, ಆದರೆ ಈ ಬುದ್ಧಿವಾದ ಮಾತ್ರ ತಪ್ಪು. ಯಾಕೆ ಅಂತ ಜಗಳಕ್ಕೇ ಕೂತಿದ್ದೇನೆ, ಓದಿ.

ನನ್ನ ಚಿಕ್ಕಪ್ಪ ಬರೆದಿಟ್ಟ ಹಳೇ ನೋಟ್‌ಬುಕ್ಕನ್ನು ಟೈಪ್ ಮಾಡಿ ಕಂತುಕಂತಾಗಿ ಹಾಕುತ್ತಿದ್ದೆ. ಅದರಲ್ಲಿ ಊರಿನ ಸಾಲದ ಜಗಳವೊಂದಿದೆ. ಸೀನ ಅನ್ನುವವನು ಕಿಟ್ಟನ ಹತ್ತಿರ ಸಾಲ ಮಾಡಿ, ತೀರಿಸಲಾಗದೆ ಗದ್ದೆ ಮಾರಿಕೊಂಡ. ಇಬ್ಬರ ಮಕ್ಕಳೂ ಈಗ ಇದ್ದಾರೆ, ಹಾಗಾಗಿ ಹೆಸರು ಬದಲಾಯಿಸೋಣ ಅಂದುಕೊಂಡೆ. (ಸೀನ, ಕಿಟ್ಟ ಅನ್ನುವುದೂ ನಿಜವಾದ ಹೆಸರುಗಳಲ್ಲ ಬಿಡಿ, ಇಲ್ಲಿಗೆ ಅಂತ ಇಟ್ಟಿದ್ದು.) ಸೀನನನ್ನು ಕಿಟ್ಟ ಮಾಡುವುದು, ಕಿಟ್ಟನನ್ನು ರಂಗ ಮಾಡುವುದು. ಅದೇ ಕ್ರಮದಲ್ಲಿ ಎರಡು ರೀಪ್ಲೇಸ್ ಹೊಡೆದು ಪಬ್ಲಿಶ್ ಒತ್ತಿದೆ.

ಆದದ್ದೇನು? ಮೊದಲ ರೀಪ್ಲೇಸಿನಲ್ಲಿ ಸೀನ ಕಿಟ್ಟನಾದ. ಎರಡನೆಯದಕ್ಕೆ ಹಳೇ ಕಿಟ್ಟ ಯಾರು, ಹೊಸಾ ಕಿಟ್ಟ ಯಾರು ಅಂತ ಹೇಗೆ ಗೊತ್ತಾಗಬೇಕು? ಇಬ್ಬರನ್ನೂ ರಂಗ ಮಾಡಿತು. "ರಂಗ ರಂಗನ ಹತ್ತಿರ ಸಾಲ ಮಾಡಿದ" ಅಂತ ಒಂದೇ ವಾಕ್ಯದಲ್ಲಿ ಇಬ್ಬರೂ ಬಂದಿದ್ದರೆ ಕಣ್ಣಿಗೆ ಬೀಳುತ್ತಿತ್ತೇನೋ. ಆದರೆ "ರಂಗ ಗದ್ದೆ ಮಾರಿಕೊಂಡ" ಅನ್ನುವ ವಾಕ್ಯದಲ್ಲಿ ಯಾವ ತಪ್ಪು ಕಾಣುತ್ತೆ ಹೇಳಿ? ಸೋದರತ್ತೆ ಫೋನ್ ಮಾಡಿದರು. "ಏನೋ ಇದು? ಸಾಲ ಕೊಟ್ಟವನೇ ಗದ್ದೆ ಮಾರಿದ ಅಂತ ಬರೆದಿದ್ದೀಯ. ಅವರ ಮಗ ನನ್ನ ಕೇಳ್ತಿದಾನೆ, ನಮ್ಮಪ್ಪ ಯಾವತ್ತು ದಿವಾಳಿ ಆಗಿದ್ರು ಅಂತ." ಸರಿಮಾಡಲು ಕೂತೆ. ಆಗುವುದಿಲ್ಲ! ಒಮ್ಮೆ ಇಬ್ಬರೂ ರಂಗನಾದ ಮೇಲೆ ಯಾವ ರಂಗ ಮೊದಲು ಯಾರಾಗಿದ್ದ ಅನ್ನುವ ಮಾಹಿತಿಯೇ ಆ ಫೈಲಿನಲ್ಲಿಲ್ಲ. ನೋಟ್‌ಬುಕ್ ಎದುರಿಗಿಟ್ಟುಕೊಂಡು ಸಾಲುಸಾಲಾಗಿ ತಿದ್ದಿದೆ.

ಮಿತ್ರರ ಮೊದಲ ಉತ್ತರ: "ಕ್ರಮ ತಪ್ಪಿದ್ದೀಯ. ಮೊದಲು ಕಿಟ್ಟನನ್ನು ರಂಗ ಮಾಡಿ, ಆಮೇಲೆ ಸೀನನನ್ನು ಕಿಟ್ಟ ಮಾಡಬೇಕಿತ್ತು." ನಿಜ, ಇಲ್ಲಿ ಅದು ನಡೆಯುತ್ತಿತ್ತು. ಆದರೆ ಊರಿನಲ್ಲಿ ನಿಜವಾದ ರಂಗನೂ ಒಬ್ಬನಿದ್ದು, ಅವನನ್ನು ಸೀನ ಮಾಡಬೇಕಾದರೆ? ಈಗ ಮೂವರದ್ದೂ ಒಂದು ಸುತ್ತು. ಯಾರಿಂದ ಶುರುಮಾಡಿದರೂ ಮೊದಲ ಹೆಜ್ಜೆಯಲ್ಲೇ ಇಬ್ಬರು ಒಂದಾಗುತ್ತಾರೆ. ಇದಕ್ಕೆ ಸರಿಯಾದ ಕ್ರಮ ಅನ್ನುವುದೇ ಇಲ್ಲ.

ಎರಡನೇ ಉತ್ತರ: "ಮಧ್ಯೆ X1, X2 ಅಂತ ಗುರುತು ಹಾಕು, ಆಮೇಲೆ ಗುರುತುಗಳನ್ನು ಹೆಸರು ಮಾಡು." ಹನ್ನೆರಡು ಹೆಸರಾದಾಗ X12 ಒಳಗೆ X1 ಕೂತಿರುತ್ತದೆ ಮಾರಾಯ್ರೆ! ಹನ್ನೆರಡನೆಯವನು "ಕಿಟ್ಟ2" ಆಗುತ್ತಾನೆ. ಗುರುತನ್ನು ಇನ್ನೂ ವಿಚಿತ್ರ ಮಾಡಿ ತಪ್ಪಿಸಿಕೊಳ್ಳಬಹುದು, ಆದರೆ ಅದು ಮಾಡುತ್ತಿರುವುದು ಬರೀ ತೇಪೆ ಕೆಲಸ.

ರೋಗ ಇರುವುದು ಒಂದೇ ಕಡೆ. ಪ್ರತಿ ರೀಪ್ಲೇಸ್ ಕೂಡ ಹಿಂದಿನ ರೀಪ್ಲೇಸ್ ಬರೆದದ್ದನ್ನು ಮತ್ತೆ ಓದುತ್ತದೆ. ಹಾಗೆ ಓದಲೇಬಾರದು. ಮೂಲ ಪಠ್ಯದ ಮೇಲೆ ಎಡದಿಂದ ಬಲಕ್ಕೆ ಒಂದೇ ಸಲ ಹೋಗಬೇಕು. ಸಿಕ್ಕ ಹೆಸರಿಗೆ ಡಿಕ್ಷನರಿಯಲ್ಲಿ ಏನಿದೆ ನೋಡಿ ಬೇರೆ ಹಾಳೆಗೆ ಬರೆದು, ಮೂಲದಲ್ಲಿ ಆ ಹೆಸರು ಮುಗಿದ ಜಾಗದಿಂದ ಮುಂದೆ ಸಾಗಬೇಕು. ಪೈಥಾನ್‌ನಲ್ಲಿ ಇಷ್ಟೇ:

```python
import re

hesaru = {"ಸೀನ": "ಕಿಟ್ಟ", "ಕಿಟ್ಟ": "ರಂಗ", "ರಂಗ": "ಸೀನ"}
keys = sorted(hesaru, key=len, reverse=True)
pat = "|".join(re.escape(k) for k in keys)
hosadu = re.sub(pat, lambda m: hesaru[m.group()], haledu)
```

`re.sub` ತಾನು ಬರೆದದ್ದನ್ನು ತಿರುಗಿ ನೋಡುವುದಿಲ್ಲ. ಸುತ್ತು ಇದ್ದರೂ ಸರಿ, ಅದಲುಬದಲಿದ್ದರೂ ಸರಿ.

ಆ `sorted` ಸಾಲನ್ನು ದಂಡ ಅಂತ ತೆಗೆಯಬೇಡಿ. `|` ಹಾಕಿದ ಪಟ್ಟಿಯಲ್ಲಿ ಪೈಥಾನ್ ಉದ್ದದ್ದನ್ನು ಹುಡುಕುವುದಿಲ್ಲ, ಮೊದಲು ಹೊಂದಿದ್ದನ್ನು ಹಿಡಿಯುತ್ತದೆ. ನುಡಿ ಫಾಂಟಿನಲ್ಲಿದ್ದ ಹಳೇ ಬರಹಗಳನ್ನು ಯೂನಿಕೋಡಿಗೆ ತಂದವರಿಗೆ ಇದರ ಪೆಟ್ಟು ಗೊತ್ತಿರಬೇಕು. ಅಲ್ಲಿ ವ ಅಂದರೆ `ªÀ`, ಮ ಅಂದರೆ `ªÀÄ`. ಬರೀ `Ä` ಅಂದರೆ ಉಕಾರ. ಚಿಕ್ಕದನ್ನು ಮೊದಲು ಹಿಡಿದರೆ ಮ ಅನ್ನುವುದು ವ ಮತ್ತು ಉಕಾರವಾಗಿ ಒಡೆದು, "ಮರ" ಹೋಗಿ "ವುರ" ಬರುತ್ತದೆ. ಎಷ್ಟೋ ಫಾಂಟುಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದ ಓದುವವರಿಗೆ ತಿಳಿಯುವುದೇ ಇಲ್ಲ, ಹುಡುಕಿದಾಗ ಮಾತ್ರ "ಮರ" ಸಿಗುವುದಿಲ್ಲ.

ಇಷ್ಟು ಮಾಡಿ ಬೀಗುತ್ತಿದ್ದೆ. ಮುಂದಿನ ಕಂತಿನಲ್ಲಿ "ಕಿಟ್ಟಿಯರ್ ವಕೀಲರು" ಬಂದರು. ಸೀನಿಯರ್ ಅನ್ನುವುದರೊಳಗೆ ಸೀನ ಇದ್ದಾನಲ್ಲ! "ಪದದ ಗಡಿ `\b` ಹಾಕು" ಅನ್ನುತ್ತಾರೆ ಇಂಗ್ಲಿಷ್ ಪಾಠ ಓದಿದವರು. ಕನ್ನಡಕ್ಕೆ ಅದು ನಡೆಯುವುದಿಲ್ಲ. ಪೈಥಾನಿನ `re` ನಮ್ಮ ಕಾಗುಣಿತದ ಚಿಹ್ನೆಗಳನ್ನು ಅಕ್ಷರ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಸೀನಿ ಅನ್ನುವಲ್ಲಿ ನ ಆದಮೇಲೆ ಪದ ಮುಗಿಯಿತು ಅಂದುಕೊಳ್ಳುತ್ತದೆ. ಅಂದರೆ ಸೀನಿಯರ್ ಸಿಕ್ಕಿಬೀಳುತ್ತಾನೆ. ಸೀನನಿಗೆ ಅನ್ನುವಲ್ಲಿ ನಿಜವಾದ ಸೀನ ಪಾರಾಗುತ್ತಾನೆ. ಪೂರಾ ತಿರುಗುಮುರುಗು. ನಾನು ಹೀಗೆ ಮಾಡಿದೆ:

```python
pat = r"(?<![\u0C80-\u0CFF])(?:" + pat + r")(?![\u0CBE-\u0CCD])"
```

ಹೆಸರಿನ ಹಿಂದೆ ಕನ್ನಡ ಅಕ್ಷರ ಇರಬಾರದು, ಮುಂದೆ ಸ್ವರಚಿಹ್ನೆ ಇರಬಾರದು. ಸೀನನಿಗೆ, ಸೀನಂಗೆ, ಸೀನಣ್ಣ ಎಲ್ಲವೂ ಸರಿಯಾಗಿ ಬದಲಾಗುತ್ತವೆ, ಸೀನಿಯರ್ ಬಚಾವು. "ಏ ಸೀನಾ" ಅಂತ ಕೂಗಿದ್ದು ತಪ್ಪಿಹೋಗುತ್ತದೆ, ಅದನ್ನು ಡಿಕ್ಷನರಿಗೆ ಬೇರೆಯಾಗಿ ಸೇರಿಸಬೇಕು. ಹೊಸ ಹೆಸರೂ ಅಕಾರದಲ್ಲೇ ಮುಗಿಯಲಿ. ಕಿಟ್ಟನ ಬದಲು ಗೋಪಿ ಇಟ್ಟರೆ "ಗೋಪಿನಿಗೆ" ಆಗುತ್ತದೆ, ವಿಭಕ್ತಿ ಪ್ರತ್ಯಯಕ್ಕೆ ಯಾವ ಡಿಕ್ಷನರಿಯೂ ಹೊಣೆಯಲ್ಲ.

ಇನ್ನೊಂದು ಕಾಣದ ಕಿರಿಕ್ಕು: ಸೀ ಅನ್ನುವುದನ್ನು ಯೂನಿಕೋಡಿನಲ್ಲಿ ಎರಡು ಥರ ಬರೆಯಬಹುದು. `ೀ` ಒಂದೇ ಚಿಹ್ನೆಯಾಗಿ, ಇಲ್ಲವೇ ಗುಡಿಸು ಮತ್ತು ದೀರ್ಘ ಬೇರೆಬೇರೆಯಾಗಿ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಡಿಕ್ಷನರಿಯನ್ನೂ ಪಠ್ಯವನ್ನೂ ಮೊದಲು `unicodedata.normalize("NFC", ...)` ಮೂಲಕ ಹಾಯಿಸಿಬಿಡಿ.

ಈಗ ನಾನು ಪಬ್ಲಿಶ್ ಒತ್ತುವ ಮೊದಲು ಎಣಿಸುತ್ತೇನೆ. ಅದೇ ಪ್ಯಾಟರ್ನ್ ಹಿಡಿದು ಹಳೇ ಪಠ್ಯದಲ್ಲಿ ಸೀನ ಎಷ್ಟು ಸಲ ಸಿಕ್ಕ, ಹೊಸದರಲ್ಲಿ ಕಿಟ್ಟ ಎಷ್ಟು ಸಲ ಸಿಕ್ಕ ನೋಡುತ್ತೇನೆ. ಎರಡೂ ಒಂದೇ ಇರಬೇಕು. ನನ್ನ ಹಳೇ ವಿಧಾನದಲ್ಲಿ ಎಣಿಸಿದ್ದರೆ ಕಿಟ್ಟ ಸೊನ್ನೆ ಬರುತ್ತಿದ್ದ, ಅತ್ತೆಯ ಫೋನೂ ಬರುತ್ತಿರಲಿಲ್ಲ.

ಮೂರು ಮಿತ್ರರಿಗೂ ಕಾಮೆಂಟು ಪೆಟ್ಟಿಗೆ ತೆರೆದಿದೆ. ಮೂವರ ಸುತ್ತನ್ನು ಗುರುತು ಹಾಕದೆ, ಬರೀ ಕ್ರಮ ಬದಲಾಯಿಸಿ ಬಿಡಿಸಿ ತೋರಿಸಿ, ಮುಂದಿನ ಕಾಫಿ ನನ್ನದು.