ಅನ್‌ಲಿಮಿಟೆಡ್ ಅಂದ್ರೆ ಎಷ್ಟು ಮಾರಾಯ್ರೆ?

ಉಡುಪಿಯ ಹೋಟೆಲಿನಲ್ಲಿ ಫುಲ್ ಮೀಲ್ಸ್ ಕೂಪನ್ ತೆಗೆದುಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. 'ಅನ್ನ ಬೇಕಾದಷ್ಟು' ಎಂದು ಬೋರ್ಡಿನಲ್ಲಿ ಬರೆದಿದೆ. ಮೊದಲ ಬಡಿಸುವಿಕೆ ಧಾರಾಳವಾಗಿ ಬಂತು. ಎರಡನೇ ಸಲ ಕೇಳಿದಾಗ ಬಡಿಸುವವರು ಬಕೆಟ್ ಒಳಗಿಟ್ಟು, ಒಂದೊಂದೇ ಅಗುಳು ಎಲೆಗೆ ಹಾಕಲು ಶುರು ಮಾಡಿದರು. ಕೇಳಿದರೆ, 'ಬೇಕಾದಷ್ಟು ಹೊತ್ತು ಕೂತುಕೊಳ್ಳಿ, ನಾವು ನಿಲ್ಲಿಸುವುದಿಲ್ಲವಲ್ಲ' ಎಂದರು. ಆ ಹೋಟೆಲಿಗೆ ನೀವು ಮತ್ತೆ ಕಾಲಿಡುತ್ತೀರಾ?

ಮೊಬೈಲ್ ರೀಚಾರ್ಜಿನಲ್ಲಿ ಇದನ್ನೇ ನಾವು ವರ್ಷಗಳಿಂದ ಸಹಿಸಿಕೊಂಡು ಬಂದಿದ್ದೇವೆ. ಇದಕ್ಕೆ 'ಫೇರ್ ಯೂಸೇಜ್ ಪಾಲಿಸಿ', ಅಂದರೆ ನ್ಯಾಯಯುತ ಬಳಕೆಯ ನೀತಿ ಎಂಬ ಹೆಸರು ಬೇರೆ. ದಿನಕ್ಕೆ ಇಂತಿಷ್ಟು ಜಿಬಿ ಪೂರ್ತಿ ವೇಗದಲ್ಲಿ ಸಿಗುತ್ತದೆ. ಅದು ಮುಗಿದ ಮೇಲೆ ಇಂಟರ್ನೆಟ್ ನಿಲ್ಲುವುದಿಲ್ಲ, ಆದರೆ ವೇಗವನ್ನು ಹಿಸುಕುತ್ತಾರೆ. ಹೆಚ್ಚಿನ ದಿನದ ಪ್ಲಾನುಗಳಲ್ಲಿ ಆ ವೇಗ 64 ಕೆಬಿಪಿಎಸ್. ನಮ್ಮ ತಕರಾರು ಈ ಅಂಕಿಯ ಬಗ್ಗೆ ಮತ್ತು ಅದನ್ನು ಅಡಗಿಸುವ ರೀತಿಯ ಬಗ್ಗೆ.

64ರ ಲೆಕ್ಕ

ಕೆಬಿಪಿಎಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂದು. ನಮ್ಮ ಫೋನಿನಲ್ಲಿರುವ ಫೋಟೋ, ಪಿಡಿಎಫ್‌ಗಳ ಗಾತ್ರ ಕಾಣುವುದು ಕೆಬಿ ಅಥವಾ ಎಂಬಿಯಲ್ಲಿ, ಅಂದರೆ ಬೈಟಿನ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 64ನ್ನು 8ರಿಂದ ಭಾಗಿಸಬೇಕು. ಸೆಕೆಂಡಿಗೆ 8 ಕೆಬಿ ಸಿಕ್ಕಿತು, ಅಷ್ಟೇ.

ವಾಟ್ಸಾಪಿನಲ್ಲಿ ಬಂದ 100 ಕೆಬಿಯ ಫೋಟೋ ತೆರೆಯಲು ಹನ್ನೆರಡು ಸೆಕೆಂಡು ದಾಟುತ್ತದೆ. 5 ಎಂಬಿಯ ಸಣ್ಣ ವಿಡಿಯೋಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕು. ಇದು ಕೂಡ ಒಂದು ತೊಟ್ಟೂ ಸೋರದೆ ಎಲ್ಲ ವೇಗ ಆ ಒಂದೇ ಕೆಲಸಕ್ಕೆ ಸಿಕ್ಕಾಗಿನ ಲೆಕ್ಕ. ಹಿಂದಿನಿಂದ ಬೇರೆ ಆ್ಯಪ್‌ಗಳೂ ಎಳೆಯುತ್ತಿದ್ದರೆ ಇನ್ನೂ ನಿಧಾನ.

ಈಗ ಮುಖ್ಯ ಮಾತು. ಇಡೀ ದಿನ, ಇಪ್ಪತ್ತನಾಲ್ಕು ಗಂಟೆಯೂ ಕಣ್ಣು ಮುಚ್ಚದೆ 64 ಕೆಬಿಪಿಎಸ್‌ನಲ್ಲಿ ಎಳೆದರೂ ಸಿಗುವುದು ಸುಮಾರು 690 ಎಂಬಿ. ಒಂದು ಜಿಬಿಯೂ ಇಲ್ಲ. 'ಮಿತಿ ಇಲ್ಲ' ಎಂದು ಮಾರಿದ ವಸ್ತುವಿನ ಮಿತಿಯನ್ನು ಐದನೇ ಕ್ಲಾಸಿನ ಹುಡುಗಿ ಗುಣಾಕಾರ ಮಾಡಿ ಹೇಳಬಲ್ಲಳು. ಹಾಗಾದರೆ ಅದು ಅನ್‌ಲಿಮಿಟೆಡ್ ಹೇಗಾಯಿತು?

ಕಾರ್ಕಳದಾಚೆಯ ಒಂದು ಮನೆಯ ದಿನ

ಕಾರ್ಕಳ ಪೇಟೆಯಿಂದ ಆಚೆ, ಫೈಬರ್ ಇನ್ನೂ ಬಾರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದೆ, ಪ್ಲಾನು 28 ದಿನಕ್ಕೆ, ದಿನಕ್ಕೆ 1.5 ಜಿಬಿ. ಬೆಳಿಗ್ಗೆ ಪಿಯುಸಿ ಓದುವ ಮಗ ಒಂದು ಗಂಟೆ ಪಾಠದ ವಿಡಿಯೋ ನೋಡುತ್ತಾನೆ. ಮಧ್ಯಾಹ್ನ ಅಮ್ಮ ಧಾರಾವಾಹಿಯ ತಪ್ಪಿದ ಕಂತು ನೋಡುತ್ತಾರೆ. ನಡುವೆ ಫೋನು ತನ್ನಷ್ಟಕ್ಕೆ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡಿಕೊಳ್ಳುತ್ತದೆ. ಸಂಜೆ ಐದಕ್ಕೆ ಕೋಟಾ ಖಾಲಿ.

ಏಳು ಗಂಟೆಗೆ ಮಗ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಕೂರುತ್ತಾನೆ. ಜಾಲತಾಣದ ಒಂದು ಪುಟ 2 ಎಂಬಿ ಇದ್ದರೆ ಅದು ಪೂರ್ತಿ ತೆರೆಯಲು ನಾಲ್ಕು ನಿಮಿಷ ಬೇಕು. ಅರ್ಜಿಯಲ್ಲಿ ಅಂಥ ಐದು ಪುಟ ಇರಬಹುದು. ಒಟಿಪಿ ಬಂದರೂ ಅದನ್ನು ಹಾಕುವ ಪುಟ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮತ್ತೆ ಲಾಗಿನ್, ಮತ್ತೆ ಒಟಿಪಿ. ಕೊನೆಗೆ ಅವನು ಎರಡರಲ್ಲಿ ಒಂದು ಮಾಡಬೇಕು: ಹೆಚ್ಚುವರಿ ಡೇಟಾ ಪ್ಯಾಕಿಗೆ ಮತ್ತೆ ದುಡ್ಡು ಹಾಕಬೇಕು, ಇಲ್ಲವೇ ರಾತ್ರಿ ಹನ್ನೆರಡಕ್ಕೆ ಹೊಸ ಕೋಟಾ ಬರುವವರೆಗೆ ಎದ್ದಿರಬೇಕು. ಕೊನೆಯ ದಿನಾಂಕ ಅಂದೇ ಆಗಿದ್ದರೆ ಆ ಎರಡನೆಯದೂ ಇಲ್ಲ.

ಅದೇ ಹೊತ್ತಿಗೆ ಮಣಿಪಾಲದ ಫ್ಲ್ಯಾಟೊಂದರಲ್ಲಿ ಫೈಬರ್ ಸಂಪರ್ಕ ಇದೆ. ಅದಕ್ಕೂ ಮಿತಿ ಇದೆ. ಹಲವು ಫೈಬರ್ ಪ್ಲಾನುಗಳಲ್ಲಿ ಅದು ತಿಂಗಳಿಗೆ 3300 ಜಿಬಿ, ಅಂದರೆ ದಿನಕ್ಕೆ 110 ಜಿಬಿ. ಒಂದು ಸಂಸಾರ ಏನು ಮಾಡಿದರೂ ಅದನ್ನು ಮುಗಿಸುವುದು ಕಷ್ಟ. ಅಲ್ಲಿ 'ಅನ್‌ಲಿಮಿಟೆಡ್' ಎಂಬ ಮಾತು ಹೆಚ್ಚುಕಡಿಮೆ ನಿಜ. ನಮ್ಮಲ್ಲಿ ಅದು ಸಂಜೆ ಐದರವರೆಗೆ ಮಾತ್ರ ನಿಜ.

ಕಾನೂನಿನ ಕೆಳಮಟ್ಟ ಯಾರಿಗೆ?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2016ರ ಅಕ್ಟೋಬರಿನಲ್ಲಿ ಈ ಬಗ್ಗೆ ಕಂಪನಿಗಳಿಗೆ ಒಂದು ನಿರ್ದೇಶನ ಕೊಟ್ಟಿತು. ಮನೆಗೆ ತಂತಿಯಲ್ಲಿ ಬರುವ ಬ್ರಾಡ್‌ಬ್ಯಾಂಡಿನಲ್ಲಿ ಮಿತಿ ದಾಟಿದ ಮೇಲೂ ವೇಗವನ್ನು 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು ಎಂದಿತು. ಮೊಬೈಲಿಗೆ ಆ ನಿರ್ದೇಶನ ಇಂಥ ಕೆಳಮಟ್ಟ ಕಟ್ಟಲಿಲ್ಲ. ಮಿತಿ ಎಷ್ಟು, ಮಿತಿಗೆ ಮುಂಚೆ ಮತ್ತು ಆಮೇಲೆ ಯಾವ ತಂತ್ರಜ್ಞಾನ ಎಂದು ತಿಳಿಸಿದರೆ ಸಾಕಾಯಿತು.

ಅಂದರೆ ತಂತಿ ತಲುಪಿದ ಮನೆಗೆ ಕೊನೆಯ ಪಕ್ಷ 512, ತಂತಿ ತಲುಪದ ಮನೆಗೆ 64. ಎಂಟು ಪಟ್ಟು ವ್ಯತ್ಯಾಸ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡಿನ ವ್ಯಾಖ್ಯೆಯನ್ನೇ ಬದಲಿಸಿ, ಕನಿಷ್ಠ 2 ಎಂಬಿಪಿಎಸ್ ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎಂದಿತು. 64 ಕೆಬಿಪಿಎಸ್ ಅದರ ಮೂವತ್ತೊಂದರಲ್ಲಿ ಒಂದು ಪಾಲು. ಅರ್ಜಿ, ಪಹಣಿ, ವಿದ್ಯಾರ್ಥಿವೇತನ ಎಲ್ಲವನ್ನೂ ಆನ್‌ಲೈನ್ ಮಾಡಿದ ಸರ್ಕಾರ, ಅವನ್ನು ತೆರೆಯಲಾಗದ ವೇಗವನ್ನು 'ಇಂಟರ್ನೆಟ್' ಎಂದು ಮಾರಲು ಬಿಟ್ಟಿದೆ.

ಕಂಪನಿಗಳ ವಾದದಲ್ಲಿ ಅರ್ಧ ಸತ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಟವರಿನ ಸಾಮರ್ಥ್ಯವನ್ನು ಸುತ್ತಲಿನ ಎಲ್ಲರೂ ಹಂಚಿಕೊಳ್ಳಬೇಕು. ನಾಲ್ಕು ಜನ ಹಗಲೂ ರಾತ್ರಿ ಸಿನಿಮಾ ಎಳೆದರೆ ಉಳಿದವರ ಕರೆಯೂ ತುಂಡಾಗಬಹುದು. ಮಿತಿ ಬೇಡ ಎಂದು ನಾವು ಹೇಳುತ್ತಿಲ್ಲ. ಮಿತಿ ಇಟ್ಟವರು ಅದನ್ನು 'ಅನ್‌ಲಿಮಿಟೆಡ್' ಎಂದು ಕರೆಯಬಾರದು, ಮಿತಿಯ ನಂತರವೂ ಒಂದು ಅರ್ಜಿ ತುಂಬುವಷ್ಟಾದರೂ ವೇಗ ಉಳಿಸಬೇಕು ಎನ್ನುತ್ತಿದ್ದೇವೆ.

ಸಣ್ಣ ಅಕ್ಷರ ಓದುವುದು ಹೀಗೆ

ರೀಚಾರ್ಜಿಗೆ ಮುಂಚೆ ಕಂಪನಿಯ ಆ್ಯಪಿನಲ್ಲಿ ಪ್ಲಾನಿನ ಬೆಲೆಯ ಪಕ್ಕದ ವಿವರ ಎಂಬಲ್ಲಿ ಒತ್ತಿ. ಮೂರು ಉತ್ತರ ಹುಡುಕಿ. ಮಿತಿ ಎಷ್ಟು, ಮಿತಿಯವರೆಗೆ ವೇಗ ಎಷ್ಟು, ಮಿತಿಯ ನಂತರ ವೇಗ ಎಷ್ಟು. ಮೂರನೆಯದು ಸಾಮಾನ್ಯವಾಗಿ `thereafter` ಅಥವಾ `post FUP` ಎಂಬ ಪದದ ಪಕ್ಕ ಇರುತ್ತದೆ. `upto` ಎಂದು ಕಂಡರೆ ಅದು ಗರಿಷ್ಠ, ಖಾತರಿ ಅಲ್ಲ. ಅಂಗಡಿಯಲ್ಲಿ ರೀಚಾರ್ಜ್ ಮಾಡಿಸುವವರು 'ಅಣ್ಣ, ಮುಗಿದ ಮೇಲೆ ಎಷ್ಟು ಕೆಬಿಪಿಎಸ್?' ಎಂದು ಕೇಳಿ.

ಮಿತಿ ದಿನಕ್ಕೋ, ಒಟ್ಟಾಗಿಯೋ ಎಂಬುದನ್ನೂ ನೋಡಿ. ದಿನಕ್ಕೆ 1.5 ಜಿಬಿ ಇದ್ದರೆ 28 ದಿನಕ್ಕೆ 42 ಜಿಬಿ ಆಯಿತು, ಆದರೆ ಹೆಚ್ಚಿನ ಪ್ಲಾನುಗಳಲ್ಲಿ ಇಂದು ಉಳಿದದ್ದು ನಾಳೆಗೆ ಸಿಗುವುದಿಲ್ಲ. ಒಟ್ಟು ಡೇಟಾ ಕೊಡುವ ಪ್ಲಾನಿನಲ್ಲಿ ಉಳಿದದ್ದು ಅವಧಿ ಮುಗಿಯುವವರೆಗೆ ಇರುತ್ತದೆ. ಆದರೆ ಅದು ಮುಗಿದರೆ ವೇಗ ಇಳಿಯುತ್ತದೋ, ನೆಟ್ ನಿಲ್ಲುತ್ತದೋ, ಬಾಲೆನ್ಸ್ ಕತ್ತರಿಸುತ್ತಾರೋ ಎಂದು ಓದಿಕೊಳ್ಳಬೇಕು.

ಹಿಸುಕಿದ್ದೋ, ಸಿಗ್ನಲ್ ಇಲ್ಲದ್ದೋ?

ನೆಟ್ ನಿಧಾನವಾದದ್ದೆಲ್ಲ ಮಿತಿಯಿಂದಲೇ ಅಲ್ಲ. ಮೊದಲು ಆ್ಯಪಿನಲ್ಲಿ ಉಳಿದ ಡೇಟಾ ನೋಡಿ. ಆಮೇಲೆ ಬ್ರೌಸರಿನಲ್ಲಿ fast.com ತೆರೆಯಿರಿ. ಅಂಗಳದಲ್ಲಿ, ಮನೆಯೊಳಗೆ, ರಸ್ತೆಯ ಬದಿಯಲ್ಲಿ ಎಲ್ಲಿ ನಿಂತರೂ 60ರ ಆಸುಪಾಸಿನ ಕೆಬಿಪಿಎಸ್ ತೋರಿಸಿದರೆ ಅದು ಹಿಸುಕಿದ ವೇಗ. ಮಾಳದಂಥ ಘಟ್ಟದ ಬುಡದ ಊರಿನಲ್ಲಿ ನಾಲ್ಕು ಹೆಜ್ಜೆ ಆಚೆ ಹೋದರೆ ಅಂಕಿ ಏರಿಳಿದರೆ ಅದು ಸಿಗ್ನಲ್ ತೊಂದರೆ. ಕಾಪುವಿನಲ್ಲೋ ಮಣಿಪಾಲದಲ್ಲೋ ಬೆಳಗಿನ ಜಾವ ಚೆನ್ನಾಗಿದ್ದು, ಕಡ್ಡಿ ತುಂಬ ಇದ್ದರೂ ಸಂಜೆ ಮಾತ್ರ ಕುಸಿದರೆ ಟವರಿನ ಮೇಲೆ ಜನ ಹೆಚ್ಚಾಗಿದ್ದಾರೆ ಎಂದರ್ಥ. ಈ ಕೊನೆಯ ಎರಡಕ್ಕೆ ಡೇಟಾ ಪ್ಯಾಕ್ ಹಾಕಿಸಿದರೆ ದುಡ್ಡು ದಂಡ. ಪರೀಕ್ಷೆಯೂ ಡೇಟಾ ತಿನ್ನುತ್ತದೆ, ಪದೇಪದೇ ಮಾಡಬೇಡಿ.

ಜಗಳ ಎಲ್ಲಿ ಆಡಬೇಕು?

ಮಿತಿ ಮುಗಿದ ಮೇಲೆ 64ಕ್ಕೆ ಇಳಿಸಿದರು ಎಂದು ದೂರಿದರೆ ನಿಲ್ಲುವುದಿಲ್ಲ, ಅದು ಷರತ್ತಿನಲ್ಲಿದೆ. ಡೇಟಾ ಉಳಿದಿರುವಾಗಲೇ ಇಳಿಸಿದರೆ ದೂರು ನಿಲ್ಲುತ್ತದೆ. ಉಳಿದ ಡೇಟಾ ಮತ್ತು ವೇಗ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಂಡು 198ಕ್ಕೆ ಕರೆ ಮಾಡಿ, ದೂರಿನ ಡಾಕೆಟ್ ಸಂಖ್ಯೆ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟೆಲಿಕಾಂ ಕಂಪನಿಗಳ ವಿರುದ್ಧ ಗ್ರಾಹಕ ಆಯೋಗಕ್ಕೂ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಉಡುಪಿಯಲ್ಲೂ ಜಿಲ್ಲಾ ಆಯೋಗ ಇದೆ.

ಇನ್ನೊಂದು ಆಯುಧ ಜಾಹೀರಾತಿನದ್ದು. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರ ಜೂನಿನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ, ಕೆಳಗಿನ ಷರತ್ತು ಮೇಲಿನ ಮುಖ್ಯ ಮಾತಿಗೆ ವಿರುದ್ಧ ಇರಬಾರದು, ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಮೇಲೆ ಕನ್ನಡದಲ್ಲಿ ದೊಡ್ಡದಾಗಿ 'ಅನ್‌ಲಿಮಿಟೆಡ್', ಕೆಳಗೆ ಇರುವೆ ಗಾತ್ರದ ಇಂಗ್ಲಿಷ್ ಇರುವ ಪೋಸ್ಟರ್ ಕಂಡರೆ ಫೋಟೋ ತೆಗೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿ.

ನಮ್ಮ ಬೇಡಿಕೆ ಎರಡೇ. ಪೋಸ್ಟರಿನಲ್ಲಿ 'ಅನ್‌ಲಿಮಿಟೆಡ್' ಎಷ್ಟು ದೊಡ್ಡದಿದೆಯೋ 64 ಎಂಬ ಅಂಕಿಯೂ ಅಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಇರಲಿ. ಮತ್ತು 2016ರಲ್ಲಿ ತಂತಿಯ ಮನೆಗೆ ಕೊಟ್ಟ 512ರ ಕೆಳಮಟ್ಟ ಮೊಬೈಲನ್ನೇ ನಂಬಿದ ಮನೆಗೂ ಬರಲಿ.