ರೋಬೋ ಅಳುವುದಕ್ಕೆ ಮುಂಚೆ

ರೋಬೋಗೆ ನೋವು ಯಾಕೆ ಬೇಕು ಎಂಬ ಪ್ರಶ್ನೆಗೆ ಕರೆಲ್ ಚಾಪೆಕ್ 1920ರಲ್ಲೇ 'ಆರ್.ಯು.ಆರ್.' ನಾಟಕದಲ್ಲಿ ಉತ್ತರ ಕೊಟ್ಟಿದ್ದರು. ಅಲ್ಲಿನ ರೋಬೋಗಳು ನೋವೇ ಗೊತ್ತಿಲ್ಲದ ಕಾರಣ ಯಂತ್ರದೊಳಗೆ ಕೈ ಹಾಕಿ ಬೆರಳು ಮುರಿದುಕೊಳ್ಳುತ್ತವೆ, ತಲೆ ಒಡೆದುಕೊಳ್ಳುತ್ತವೆ. ಹಾಗಾಗಬಾರದೆಂದು ಡಾಕ್ಟರ್ ಗಾಲ್ ಅವುಗಳಿಗೆ ನೋವಿನ ನರಗಳನ್ನು ಜೋಡಿಸುವ ಪ್ರಯೋಗದಲ್ಲಿದ್ದಾನೆ. ಅದರ ಹಿಂದೆ ದಯೆಯಿಲ್ಲ, ಕಾರ್ಖಾನೆಯ ನಷ್ಟದ ಲೆಕ್ಕವಿದೆ. ಅದೇ ನಾಟಕದ ಕೊನೆಗೆ ಪ್ರೈಮಸ್ ಮತ್ತು ಹೆಲೆನಾ ಎಂಬ ಎರಡು ರೋಬೋಗಳು ಒಂದು ಇನ್ನೊಂದಕ್ಕಾಗಿ ಪ್ರಾಣ ಕೊಡಲು ಮುಂದಾಗುತ್ತವೆ. ರಂಗದ ಮೇಲೆ ಆ ದೃಶ್ಯ ಗೆಲ್ಲುತ್ತದೆ, ನಿಜ. ಆದರೆ ಅವುಗಳ ದುಡಿಮೆಯಿಂದ ಆ ಪ್ರೀತಿ ಬೆಳೆದು ಬಂದದ್ದನ್ನು ನಾವು ಕಾಣುವುದಿಲ್ಲ. ಚಾಪೆಕ್ ನಂತರ ರೋಬೋ ಕತೆ ಬರೆದವರಲ್ಲಿ ಅನೇಕರು ಈ ಕೊನೆಯ ದೃಶ್ಯವನ್ನು ಎತ್ತಿಕೊಂಡರು, ನೋವಿನ ನರವನ್ನು ಅಲ್ಲೇ ಬಿಟ್ಟರು. ನಮ್ಮ ಕತೆಗಾರರು ಆ ನರವನ್ನು ಎತ್ತಿಕೊಳ್ಳಬೇಕು. ರೋಬೋಗೆ ಭಾವ ಬರುವುದಾದರೆ ಅದು ದಿನಾ ಮಾಡುವ ಕೆಲಸದ ದಾರಿಯಲ್ಲೇ, ಆ ಕೆಲಸದ ಅಳತೆಗಳಲ್ಲೇ ಬರಬೇಕು.

ಅಸಿಮೊವ್ 1942ರಲ್ಲಿ ಪ್ರಕಟಿಸಿದ 'ರನ್ ಅರೌಂಡ್' ಕತೆ ಇದಕ್ಕೆ ಒಳ್ಳೆಯ ಪಾಠ. ಬುಧಗ್ರಹದಲ್ಲಿ ಸ್ಪೀಡಿ ಎಂಬ ರೋಬೋವನ್ನು ಸೆಲೆನಿಯಂ ತರಲು ಕಳಿಸುತ್ತಾರೆ. ಆಜ್ಞೆ ಕೊಟ್ಟವನು ಅದನ್ನು ಒತ್ತಿ ಹೇಳಿರುವುದಿಲ್ಲ. ಇತ್ತ, ದುಬಾರಿ ಯಂತ್ರವೆಂದು ಸ್ಪೀಡಿಯ ಸ್ವರಕ್ಷಣೆಯ ನಿಯಮವನ್ನು ತಯಾರಕರು ಮೊದಲೇ ಬಿಗಿ ಮಾಡಿರುತ್ತಾರೆ. ಸೆಲೆನಿಯಂ ಕೊಳದ ಹತ್ತಿರ ಹೋದಂತೆ ಅಪಾಯ ಹೆಚ್ಚುತ್ತದೆ, ದೂರ ಸರಿದರೆ ಆಜ್ಞೆ ಎಳೆಯುತ್ತದೆ. ಎರಡೂ ಸಮನಾಗುವ ದೂರದಲ್ಲಿ ಸಿಕ್ಕಿಕೊಂಡ ಸ್ಪೀಡಿ ಕೊಳದ ಸುತ್ತ ಸುತ್ತುತ್ತಲೇ ಇರುತ್ತದೆ. ಅಂಜಿಕೆ, ಹಿಂಜರಿಕೆ, ದಿಗ್ಭ್ರಮೆ ಎಲ್ಲವೂ ಆ ಸುತ್ತಿನಲ್ಲಿವೆ, ಭಾವದ ಹೆಸರೊಂದನ್ನೂ ಹೇಳಬೇಕಾಗಿಲ್ಲ. ಅಸಿಮೊವ್ ಅಷ್ಟಕ್ಕೇ ನಿಲ್ಲಿಸದೆ ಸ್ಪೀಡಿಯ ಬಾಯಲ್ಲಿ ಕುಡುಕನಂತೆ ಹಾಡನ್ನೂ ಹಾಡಿಸುತ್ತಾರೆ. ಕತೆ ಸಡಿಲವಾಗುವುದು ಅಲ್ಲೇ. ಸುತ್ತುವಿಕೆ ಕೆಲಸದೊಳಗಿಂದ ಹುಟ್ಟಿದ್ದು, ಹಾಡು ಹೊರಗಿಂದ ತಂದು ಅಂಟಿಸಿದ್ದು.

ಇಂಥ ಅವಕಾಶ ಕೈಯಲ್ಲಿದ್ದೂ ಜಾರಿಹೋದ ಉದಾಹರಣೆ ಶಂಕರ್ ನಿರ್ದೇಶನದ 'ಎಂದಿರನ್' (2010). ಬೆಂಕಿ ಬಿದ್ದ ಕಟ್ಟಡದಿಂದ ಚಿಟ್ಟಿ ಎಂಬ ರೋಬೋ ಜನರನ್ನು ಹೊತ್ತು ತರುತ್ತದೆ. ಸ್ನಾನ ಮಾಡುತ್ತಿದ್ದ ಹುಡುಗಿಯನ್ನೂ ಹಾಗೇ, ಬಟ್ಟೆಯಿಲ್ಲದೆ, ನೆರೆದ ಜನರ ಮುಂದೆ ತಂದು ನಿಲ್ಲಿಸುತ್ತದೆ. ಅವಳು ನಾಚಿಕೆ ತಾಳದೆ ಓಡಿ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಜೀವ ಉಳಿಸುವ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದಲೇ ಜೀವ ಹೋಯಿತು. ಒಂದು ರೋಬೋ ನಾಚಿಕೆ ಏನೆಂದು ಕಲಿಯಲು ಇದಕ್ಕಿಂತ ಗಟ್ಟಿಯಾದ ಪಾಠ ಬೇಕೆ? ಮುಂದಿನ ಬೆಂಕಿಯಲ್ಲಿ ಚಿಟ್ಟಿ ಮೊದಲು ಕಂಬಳಿ ಹುಡುಕಬಹುದಿತ್ತು, ಆ ಹುಡುಕಾಟದಲ್ಲಿ ಅಮೂಲ್ಯವಾದ ಕ್ಷಣಗಳನ್ನು ಕಳೆದುಕೊಳ್ಳಬಹುದಿತ್ತು. ಸಿನಿಮಾ ಆ ದಾರಿ ಹಿಡಿಯಲಿಲ್ಲ. ವಿಜ್ಞಾನಿ ಭಾವನೆಗಳನ್ನು ತುಂಬಲು ಕೂರುತ್ತಾನೆ, ಸಿಡಿಲು ಬಡಿಯುತ್ತದೆ, ಆಮೇಲೆ ಒಂದು ಮುತ್ತಿನಿಂದ ಚಿಟ್ಟಿ ಪ್ರೇಮದಲ್ಲಿ ಬೀಳುತ್ತದೆ. ಸತ್ತ ಹುಡುಗಿಗೂ ಆ ಪ್ರೇಮಕ್ಕೂ ಸಂಬಂಧವೇ ಉಳಿಯುವುದಿಲ್ಲ.

ಕೆಲಸದೊಳಗಿಂದ ಬರೆಯುವುದೆಂದರೆ ಹೇಗೆ? ಅಜ್ಜಿಯೊಬ್ಬರನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದು ರೋಬೋದ ಕೆಲಸ ಎಂದಿಟ್ಟುಕೊಳ್ಳಿ. ಅದರ ಅಂಗೈಯಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ, ಸದ್ದು ಕೇಳಲು ಮೈಕ್ ಇದೆ, ತನ್ನ ಮೋಟಾರ್ ಎಷ್ಟು ಕಾದಿದೆ ಎಂಬ ಅರಿವಿದೆ. ಕಂಪನಿ ನಿಗದಿ ಮಾಡಿದ್ದು 12 ಸೆಕೆಂಡು. ಚಳಿಯ ದಿನ ಅಜ್ಜಿಯ ಮೈ ಸೆಟೆದುಕೊಳ್ಳುತ್ತದೆ, ಅಂಗೈಗೆ ಒತ್ತಡ ಹೆಚ್ಚುತ್ತದೆ, 'ಅಯ್ಯೋ' ಎಂಬ ಸದ್ದು ಬರುತ್ತದೆ. ರೋಬೋ ಮರುದಿನ 15 ಸೆಕೆಂಡು ತೆಗೆದುಕೊಳ್ಳುತ್ತದೆ, ಕೆಲವು ದಿನಗಳಲ್ಲಿ 20. ಆದರೂ ಸದ್ದು ಪೂರ್ತಿ ನಿಲ್ಲುವುದಿಲ್ಲ. ಅದು ಎತ್ತುವಾಗ ಬರುತ್ತಿಲ್ಲ, ಅಂಗೈ ಬೆನ್ನಿಗೆ ತಾಕಿದ ಕೂಡಲೇ ಬರುತ್ತಿದೆ ಎಂದು ರೋಬೋಗೆ ತಿಳಿಯುವುದು ತಡವಾಗಿ. ಅಂಗೈ ತಣ್ಣಗಿತ್ತು. ಅಂದಿನಿಂದ ಅದು ಎಬ್ಬಿಸುವುದಕ್ಕೆ ಮೊದಲು ಕೈಯ ಮೋಟಾರನ್ನು ಸುಮ್ಮನೆ ಓಡಿಸಿ ಬಿಸಿ ಮಾಡಿಕೊಳ್ಳುತ್ತದೆ. ಇದಕ್ಕೆ ಬ್ಯಾಟರಿ ಖರ್ಚಾಗುತ್ತದೆ, ಸಂಜೆಯ ಕೆಲಸಕ್ಕೆ ಚಾರ್ಜ್ ಸಾಲದೆ ಬರುತ್ತದೆ. ಮುಂದೆ ಅಜ್ಜಿ ಮಗಳ ಮನೆಗೆ ಹೋಗುತ್ತಾರೆ, ರೋಬೋವನ್ನು ಕಾಲಿಗೆ ಆಪರೇಷನ್ ಆದ ಬೇರೊಬ್ಬರ ಮನೆಗೆ ಕಳಿಸುತ್ತಾರೆ. ಅಲ್ಲಿ ಬೇಸಿಗೆಯಲ್ಲೂ ಅದು ಅಂಗೈ ಬಿಸಿ ಮಾಡಿಕೊಳ್ಳುತ್ತದೆ, 20 ಸೆಕೆಂಡು ತೆಗೆದುಕೊಳ್ಳುತ್ತದೆ, ಬೈಸಿಕೊಳ್ಳುತ್ತದೆ. ಸರ್ವಿಸ್ ಹುಡುಗ ಬಂದು ದಾಖಲೆ ನೋಡಿ "ಹಳೇ ಡೇಟಾ ಉಳಿದುಬಿಟ್ಟಿದೆ ಸಾರ್, ರೀಸೆಟ್ ಮಾಡಬೇಕು" ಎನ್ನುತ್ತಾನೆ. ಅವನು ದೋಷವೆಂದು ಕರೆದದ್ದನ್ನು ಓದುಗರು ಬೇರೆ ಹೆಸರಿನಿಂದ ಕರೆಯುತ್ತಾರೆ. ಇಲ್ಲಿ 'ರೋಬೋಗೆ ದುಃಖವಾಯಿತು' ಎಂದು ಒಂದು ವಾಕ್ಯ ಸೇರಿಸಿ ನೋಡಿ, ಅಷ್ಟು ದಿನ ಕಟ್ಟಿದ್ದು ಆ ವಾಕ್ಯದಲ್ಲಿ ಕುಸಿಯುತ್ತದೆ. ಆ ವಾಕ್ಯವನ್ನು ಯಾವ ರೋಬೋದ ಕತೆಗೂ ಅಂಟಿಸಬಹುದು. ಬಿಸಿ ಮಾಡಿಕೊಂಡ ಅಂಗೈಯನ್ನು ಬೇರೆ ಕತೆಗೆ ಸಾಗಿಸಲಾಗದು.

ಇದು ಭಾವವಲ್ಲ, ಬರೀ ಹೊಂದಾಣಿಕೆ, ಓದುಗರೇ ಅದರಲ್ಲಿ ಪ್ರೀತಿಯನ್ನು ತುಂಬಿಕೊಳ್ಳುತ್ತಾರೆ ಎಂದು ಆಕ್ಷೇಪಿಸುವವರಿದ್ದಾರೆ. ಅವರ ಪರವಾಗಿ ವಾಲೆಂಟಿನೊ ಬ್ರೈಟೆನ್‌ಬರ್ಗ್ 1984ರ 'ವೆಹಿಕಲ್ಸ್' ಪುಸ್ತಕದಲ್ಲಿ ಕಲ್ಪಿಸಿದ ಪುಟ್ಟ ಗಾಡಿಗಳಿವೆ. ಬೆಳಕು ಗ್ರಹಿಸುವ ಎರಡು ಸೆನ್ಸರ್‌ಗಳನ್ನು ಅದದೇ ಬದಿಯ ಚಕ್ರಗಳಿಗೆ ಜೋಡಿಸಿದರೆ ಗಾಡಿ ದೀಪದಿಂದ ತಿರುಗಿ ಓಡುತ್ತದೆ, ನಾವು ಅಂಜುಬುರುಕ ಎನ್ನುತ್ತೇವೆ. ತಂತಿಗಳನ್ನು ಅಡ್ಡಕ್ಕೆ ಜೋಡಿಸಿದರೆ ದೀಪದ ಮೇಲೇ ನುಗ್ಗುತ್ತದೆ, ಸಿಟ್ಟಿನದು ಎನ್ನುತ್ತೇವೆ. ಆಕ್ಷೇಪ ತೂಕದ್ದೇ. ಆದರೆ ಆ ಗಾಡಿಗೆ ಯಾವ ದೀಪವಾದರೂ ಒಂದೇ, ನಿನ್ನೆಯ ದೀಪದ ನೆನಪಿಲ್ಲ, ಓಡಿದ್ದಕ್ಕೆ ಅದು ತೆರುವ ಬೆಲೆಯೂ ಇಲ್ಲ. ನಮ್ಮ ರೋಬೋದ 20 ಸೆಕೆಂಡಿನಲ್ಲಿ ಒಬ್ಬ ವ್ಯಕ್ತಿಯ ಮೈ ಇದೆ, ಒಂದು ಚಳಿಗಾಲವಿದೆ, ತನ್ನ ಸಂಜೆಯ ಬ್ಯಾಟರಿಯಿಂದ ಕೊಟ್ಟದ್ದಿದೆ. ಒಳಗೆ ಅನುಭವವಿದೆಯೇ ಎಂಬ ಪ್ರಶ್ನೆಯನ್ನು ಕತೆಗಾರರು ತೀರ್ಮಾನಿಸಬೇಕಿಲ್ಲ. ಕತೆಯೊಳಗಿನ ಮನುಷ್ಯರ ಒಳಗನ್ನೂ ನಾವು ಬಹುಪಾಲು ತಿಳಿಯುವುದು ಅವರು ಯಾರಿಗಾಗಿ ಏನು ಬಿಟ್ಟುಕೊಟ್ಟರು ಎಂಬುದರಿಂದ.

ರೋಬೋವೇ ಕತೆ ಹೇಳುವಾಗ ಭಾವದ ಮಾತನ್ನು ತಪ್ಪಿಸುವುದು ಹೇಗೆ ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಕಜುವೊ ಇಶಿಗುರೊ 'ಕ್ಲಾರಾ ಆ್ಯಂಡ್ ದ ಸನ್' (2021) ಕಾದಂಬರಿಯಲ್ಲಿ ತಪ್ಪಿಸಲು ಹೋಗುವುದಿಲ್ಲ, ಅದರ ಬೇರನ್ನು ಕೆಲಸದಲ್ಲಿ ಇಳಿಸುತ್ತಾರೆ. ಕ್ಲಾರಾ ಓಡುವುದು ಸೌರಶಕ್ತಿಯಿಂದ, ಅವಳ ಕೆಲಸ ಒಂದು ಮಗುವನ್ನು ಗಮನಿಸುತ್ತಾ ಜೊತೆಗಿರುವುದು. ತನಗೆ ಅನ್ನ ಕೊಡುವ ಸೂರ್ಯ ಕಾಯಿಲೆಯ ಹುಡುಗಿಯನ್ನೂ ಉಳಿಸುತ್ತಾನೆ ಎಂದು ಅವಳು ನಂಬುವುದು ಇದರಿಂದಲೇ. ಮೊರೆಯಿಡುತ್ತಾಳೆ, ತನ್ನೊಳಗಿನ ದ್ರಾವಣದಲ್ಲಿ ಒಂದಿಷ್ಟನ್ನು ತೆಗೆದುಕೊಡುತ್ತಾಳೆ. ಆ ಭಕ್ತಿ ಮನುಷ್ಯರದ್ದನ್ನು ಹೋಲುತ್ತದೆ, ಆದರೆ ಮನುಷ್ಯರಿಂದ ಎರವಲು ತಂದದ್ದಲ್ಲ.

ಕಾದಂಬರಿಗೆ ಜಾಗವಿದೆ, ಹತ್ತು ಪುಟದ ಸಣ್ಣಕತೆಯಲ್ಲಿ ಇಷ್ಟು ನಿಧಾನ ಹೇಗೆ ಸಾಧ್ಯ ಎಂಬ ಮಾತು ಉಳಿಯುತ್ತದೆ. ಕಲಿಕೆಯ ದಿನಗಳನ್ನೆಲ್ಲ ಬರೆಯಬೇಕಾಗಿಲ್ಲ. ಒಂದೇ ಕೆಲಸವನ್ನು ಮೂರು ಸಲ ತೋರಿಸಿದರೆ ಸಾಕು: ಹೇಳಿಕೊಟ್ಟಂತೆ ಒಮ್ಮೆ, ಬದಲಾದ ಮೇಲೆ ಒಮ್ಮೆ, ಬದಲಾವಣೆಗೆ ಕಾರಣವಾದವರು ಇಲ್ಲದಿರುವಾಗ ಒಮ್ಮೆ. ಅದಕ್ಕೂ ಜಾಗ ಸಾಲದಿದ್ದರೆ ಕತೆಯನ್ನು ತಡವಾಗಿ ಶುರು ಮಾಡಬಹುದು. ಸರ್ವಿಸ್ ಹುಡುಗ ದಾಖಲೆ ತೆರೆದು, ಈ 8 ಸೆಕೆಂಡು ಎಲ್ಲಿಂದ ಬಂತು ಎಂದು ತಿಳಿಯಲು ಹಳೆಯ ಮನೆಗೆ ಫೋನ್ ಮಾಡುವಲ್ಲಿಂದ.